ಕಮಿಟಿ ಮುಂದೆ ಐದು ನಿಮಿಷ: ಸ್ಕೂಟರ್ ನಿಲ್ಲಿಸೋಕೆ ಜಾಗ, ಚಾರ್ಜ್ ಮಾಡೋಕೆ ಒಂದು ಪಾಯಿಂಟ್

ಮೂರನೇ ಮಹಡಿ

ಮುಂದಿನ ಭಾನುವಾರ ನಮ್ಮ ಸೊಸೈಟಿಯ ಕಮಿಟಿ ಮೀಟಿಂಗ್ ಇದೆ. ನನಗೆ ಐದು ನಿಮಿಷ ಮಾತಾಡೋಕೆ ಕೊಟ್ಟಿದ್ದಾರೆ. ಬರೆದುಕೊಂಡಿದ್ದನ್ನು ಕೆಳಗೆ ಹಾಕಿದ್ದೇನೆ, ದಯವಿಟ್ಟು ಓದಿ ತಿದ್ದಿ.

ನಮ್ಮದು 48 ಮನೆಗಳ ಕಟ್ಟಡ. ಕಾರುಗಳಿಗೆ ಗೆರೆ ಎಳೆದು ನಂಬರ್ ಹಾಕಿದ್ದಾರೆ. ಟೂ ವೀಲರ್‌ಗೆ ಏನೂ ಇಲ್ಲ. ಮೆಟ್ಟಿಲ ಕೆಳಗೆ, ಪಂಪ್ ರೂಮಿನ ಬಾಗಿಲ ಎದುರು, ರ‍್ಯಾಂಪಿನ ಅಂಚಲ್ಲಿ, ಎಲ್ಲಿ ಸಂದಿ ಸಿಕ್ಕಿದರೆ ಅಲ್ಲಿ ನಿಲ್ಲಿಸುತ್ತೇವೆ. ಬೆಳಿಗ್ಗೆ ನನ್ನ ಗಾಡಿ ತೆಗೆಯಬೇಕಾದರೆ ಮೊದಲು ಮೂರು ಗಾಡಿ ಎಳೆದು ಪಕ್ಕಕ್ಕೆ ಇಡಬೇಕು. ಅದರಲ್ಲಿ ಎರಡಕ್ಕೆ ಹ್ಯಾಂಡಲ್ ಲಾಕ್ ಆಗಿರುತ್ತೆ.

ಎಲೆಕ್ಟ್ರಿಕ್ ಸ್ಕೂಟರ್ ಆರು ಆಗಿವೆ, ನನ್ನದೂ ಸೇರಿ. ಎರಡನೇ ಮಹಡಿಯವರು ಬಾಲ್ಕನಿಯಿಂದ ವೈರ್ ಇಳಿಬಿಡುತ್ತಾರೆ. ನಾನು ವಾಚ್‌ಮನ್ ರೂಮಿನ ಪ್ಲಗ್‌ಗೆ ಹಾಕುತ್ತಿದ್ದೆ. ಹೋದ ತಿಂಗಳು ಅದು ಸುಟ್ಟು ಕಪ್ಪಾಯಿತು. ಆವತ್ತಿಂದ ಅಲ್ಲಿ ಹಾಕಬೇಡಿ ಅಂದಿದ್ದಾರೆ.

ನನ್ನ ಭಾಷಣದ ಶುರು ಹೀಗಿದೆ: "ಮಾನ್ಯ ಅಧ್ಯಕ್ಷರೇ, ಸದಸ್ಯರೇ, ಇಂದು ವಾಯು ಮಾಲಿನ್ಯ ನಮ್ಮೆಲ್ಲರ ಆರೋಗ್ಯವನ್ನು ಹಾಳು ಮಾಡುತ್ತಿದೆ. ಬರುವ ದಿನಗಳು ಎಲೆಕ್ಟ್ರಿಕ್ ವಾಹನಗಳದ್ದೇ. ಹಾಗಾಗಿ ನಮ್ಮ ಸೊಸೈಟಿಯೂ ಮುಂದೆ ಬಂದು ಸೂಕ್ತ ವ್ಯವಸ್ಥೆ ಮಾಡಬೇಕು ಎಂದು ಕೇಳಿಕೊಳ್ಳುತ್ತೇನೆ..." ಹೀಗೇ ಎರಡು ಪುಟ ಇದೆ.

ಹಳೇ ಖಜಾಂಚಿ

ಸರ್, ನಾನು ಬೇರೆ ಸೊಸೈಟಿಯಲ್ಲಿ ಆರು ವರ್ಷ ಖಜಾಂಚಿ ಆಗಿದ್ದೆ. ಮೇಜಿನ ಆ ಕಡೆ ಕೂತು ಇಂಥ ಮಾತು ಬೇಕಾದಷ್ಟು ಕೇಳಿದ್ದೇನೆ. ಮಾಲಿನ್ಯದ ಮಾತು ಪೂರ್ತಿ ತೆಗೆದುಬಿಡಿ. ಅದಕ್ಕೆ ಯಾರೂ ಬೇಡ ಅನ್ನಲ್ಲ, ಆದರೆ ಅದರಿಂದ ಯಾರೂ ಸಹಿ ಹಾಕಲ್ಲ. "ಸೂಕ್ತ ವ್ಯವಸ್ಥೆ" ಅಂದರೆ ಏನು ಅಂತ ಅವರಿಗೆ ಗೊತ್ತಾಗಲ್ಲ. ಗೊತ್ತಾಗದೇ ಇದ್ದದ್ದನ್ನು "ಮುಂದಿನ ಮೀಟಿಂಗ್‌ನಲ್ಲಿ ನೋಡೋಣ" ಅಂತ ಪಕ್ಕಕ್ಕಿಡುತ್ತಾರೆ.

ಕೂತವರ ತಲೆಯಲ್ಲಿ ಇರೋದು ಮೂರೇ ಪ್ರಶ್ನೆ. ಯಾರ ಜಾಗ ಹೋಗುತ್ತೆ? ಯಾರ ಬಿಲ್‌ಗೆ ಬರುತ್ತೆ? ಏನಾದರೂ ಆದರೆ ಹೊಣೆ ಯಾರು? ಇವಕ್ಕೆ ಉತ್ತರ ತಗೊಂಡು ಹೋಗಿ.

ಮೊದಲು ಗಾಡಿ ಎಣಿಸಿ. ರಾತ್ರಿ ಹತ್ತೂವರೆ ಮೇಲೆ, ಮೂರು ದಿನ. ಹಗಲಲ್ಲಿ ಎಣಿಸಿದರೆ ಅರ್ಧ ಹೊರಗಿರುತ್ತವೆ. ಇನ್ನೊಂದು ಕೆಲಸ ಮಾಡಿ. ಒಂದು ಸೀಮೆಸುಣ್ಣ ತಗೊಂಡು ಪ್ರತಿ ಗಾಡಿಯ ಹಿಂದಿನ ಟೈರಿನಿಂದ ನೆಲದವರೆಗೆ ಒಂದು ಗೆರೆ ಎಳೆಯಿರಿ. ವಾಚ್‌ಮನ್‌ಗೆ ಹೇಳಿ ಮಾಡಿ, ಇಲ್ಲದಿದ್ದರೆ ತಪ್ಪು ತಿಳಿದುಕೊಳ್ಳುತ್ತಾರೆ. ವಾರ ಬಿಟ್ಟು ನೋಡಿ. ಟೈರಿನ ಗೆರೆ, ನೆಲದ ಗೆರೆ ಇನ್ನೂ ಕೂಡಿಕೊಂಡೇ ಇದ್ದರೆ ಆ ಗಾಡಿ ಅಲ್ಲಾಡಿಲ್ಲ. ನಮ್ಮಲ್ಲಿ ಹಾಗೆ ಹನ್ನೊಂದು ಗಾಡಿ ಸಿಕ್ಕವು. ಮೂರರ ಮಾಲೀಕರು ಮನೆ ಬಿಟ್ಟೇ ಹೋಗಿದ್ದರು.

ನೀಲಿ ಸ್ಕೂಟರ್

ಚಾರ್ಜಿಂಗ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಸ್ಕೂಟರ್ ಚಾರ್ಜರ್ ಎಳೆಯೋದು ಮುಕ್ಕಾಲು ಕಿಲೋವ್ಯಾಟ್ ಅಷ್ಟೇ. ಇಸ್ತ್ರಿ ಪೆಟ್ಟಿಗೆ ಇದಕ್ಕಿಂತ ಜಾಸ್ತಿ ಎಳೆಯುತ್ತೆ. ಗೋಡೆಗೆ ಒಂದು ಮಾಮೂಲಿ ಐದು ಆಂಪಿಯರ್ ಸಾಕೆಟ್ ಹಾಕಿ, ಅದಕ್ಕೊಂದು ಎಕ್ಸ್‌ಟೆನ್ಶನ್ ಬೋರ್ಡ್ ಕೊಟ್ಟರೆ ನಾಲ್ಕು ಗಾಡಿ ಆಯ್ತು. ಪಾರ್ಕಿಂಗ್‌ಗೆ ಓರೆಯಾಗಿ ಗೆರೆ ಎಳೆಸಿ. ಓರೆ ನಿಲ್ಲಿಸಿದರೆ ಜಾಸ್ತಿ ಗಾಡಿ ಹಿಡಿಯುತ್ತವೆ.

ವೈರಿಂಗ್ ಕೆಲಸದವನು

ನೀಲಿ ಸ್ಕೂಟರ್ ಅವರೇ, ಮುಕ್ಕಾಲು ಕಿಲೋವ್ಯಾಟ್ ಅನ್ನೋದು ಸರಿ. 230 ವೋಲ್ಟ್‌ಗೆ ಅದು ಮೂರು ಚಿಲ್ಲರೆ ಆಂಪಿಯರ್. ಆದರೆ ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಓಡುತ್ತೆ, ಅದೂ ಬಿಟ್ಟು ಬಿಟ್ಟು. ಚಾರ್ಜರ್ ನಾಲ್ಕು ಗಂಟೆ ಬಿಡದೇ ಎಳೆಯುತ್ತೆ. ವ್ಯತ್ಯಾಸ ಇರೋದು ಅಲ್ಲೇ. ಇನ್ನು ಒಂದು ಐದು ಆಂಪಿಯರ್ ಸಾಕೆಟ್ ಮೇಲೆ ನಾಲ್ಕು ಗಾಡಿ ಅಂದರೆ ಹದಿಮೂರು ಆಂಪಿಯರ್. ಅದು ದಯವಿಟ್ಟು ಬೇಡ.

ಮೂರನೇ ಮಹಡಿಯವರ ಪ್ಲಗ್ ಸುಟ್ಟಿದ್ದು ಲೋಡ್ ಜಾಸ್ತಿಯಾಗಿ ಅಲ್ಲ ಅಂತ ನನಗನ್ನಿಸುತ್ತೆ. ಸಾಕೆಟ್ ಒಳಗೆ ಪಿನ್ ಹಿಡಿಯೋ ಲೋಹದ ಪಟ್ಟಿ ಇರುತ್ತೆ. ದಿನಾ ಹಾಕಿ ತೆಗೆದು ಅದು ಸಡಿಲ ಆಗುತ್ತೆ. ಎಷ್ಟೋ ಕಡೆ ಚಾರ್ಜರ್ ಡಬ್ಬಿ ಗೋಡೆಗೆ ಜೋತುಬಿದ್ದಿರುತ್ತೆ, ಆ ಭಾರಕ್ಕೂ ಪಿನ್ ಕೆಳಕ್ಕೆ ಎಳೆದುಕೊಳ್ಳುತ್ತೆ. ಸಡಿಲ ಇದ್ದ ಜಾಗದಲ್ಲೇ ಬಿಸಿ ಹುಟ್ಟೋದು. ಮೊಬೈಲ್ ಚಾರ್ಜ್ ಮಾಡಿದರೆ ಗೊತ್ತೇ ಆಗಲ್ಲ. ಸ್ಕೂಟರ್ ಹಾಕಿದರೆ ಮೊದಲು ಸಾಕೆಟ್ ತೂತಿನ ಸುತ್ತ ಹಳದಿ ಆಗುತ್ತೆ, ಆಮೇಲೆ ಕಂದು, ಆಮೇಲೆ ಮೀನಿನ ತರ ಒಂದು ವಾಸನೆ. ವಾಸನೆ ಬಂತು ಅಂದರೆ ಆವತ್ತೇ ನಿಲ್ಲಿಸಬೇಕು.

ನೋಡೋದು ಸುಲಭ. ಅರ್ಧ ಗಂಟೆ ಚಾರ್ಜ್ ಆದ ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡೋಕೆ ಆಗದಷ್ಟು ಬಿಸಿ ಇದ್ದರೆ ಸಾಕೆಟ್ ಬದಲಾಯಿಸಿ. ಅದಕ್ಕೇ ಹದಿನಾರು ಆಂಪಿಯರ್ ಸಾಕೆಟ್ ಹಾಕಿಸಿ ಅನ್ನೋದು. ಅದರ ಪಿನ್ ದಪ್ಪ, ಹಿಡಿತ ಗಟ್ಟಿ. ಕೆಳಗೆ ಚಾರ್ಜರ್ ಇಡೋಕೆ ಒಂದು ಸಣ್ಣ ಹಲಗೆ ಕೊಡಿಸಿ.

ಬಾಲ್ಕನಿ ವೈರ್ ಇದಕ್ಕಿಂತ ಕೆಟ್ಟದ್ದು. ಉದ್ದ ಉಳಿದಿದ್ದನ್ನು ಸುರುಳಿ ಸುತ್ತಿ ಇಟ್ಟಿರುತ್ತಾರೆ, ಒಳಗಿನ ಸುತ್ತುಗಳ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ. ಮಳೆ ನೀರು ಅದೇ ವೈರ್ ಹಿಡಿದು ಇಳಿದು ಪ್ಲಗ್ ಒಳಗೇ ಬರುತ್ತೆ.

ಓರೆ ಗೆರೆ ವಿಚಾರಕ್ಕೆ ನಾನು ಹೋಗಲ್ಲ, ಖಜಾಂಚಿಗಳು ಹೇಳಲಿ.

ಹಳೇ ಖಜಾಂಚಿ

ಓರೆ ನಿಲ್ಲಿಸಿದರೆ ಗೋಡೆ ಉದ್ದಕ್ಕೆ ಹಿಡಿಯೋದು ಕಮ್ಮಿ. ನೆಟ್ಟಗೆ ನಿಲ್ಲಿಸಿದರೆ ಒಂದು ಗಾಡಿಗೆ ಗೋಡೆ ಒಂದು ಮೀಟರ್ ಬೇಕು, ಓರೆಗೆ ಹತ್ತಿರ ಹತ್ತಿರ ಒಂದೂವರೆ. ಓರೆಯಿಂದ ಉಳಿಯೋದು ಓಡಾಡೋ ದಾರಿ. ಹಿಂದೆ ಜಾಗ ಕಿರಿದಾಗಿದ್ದು, ಗಾಡಿ ನೆಟ್ಟಗೆ ತಿರುಗಿಸೋಕೆ ಆಗಲ್ಲ ಅಂದಾಗ ಮಾತ್ರ ಅದು ಸರಿ.

ಒಂದು ಮೀಟರ್ ಯಾಕೆ ಅಂದರೆ, ಸ್ಕೂಟರ್ ಹ್ಯಾಂಡಲ್ ಎಪ್ಪತ್ತು ಸೆಂಟಿಮೀಟರ್ ಆಸುಪಾಸು ಇರುತ್ತೆ. ಎಂಬತ್ತಕ್ಕೆ ಗೆರೆ ಎಳೆದರೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತೆ. ಆದರೆ ಸೈಡ್ ಸ್ಟ್ಯಾಂಡ್ ಹಾಕಿದ ಗಾಡಿ ಎಡಕ್ಕೆ ವಾಲುತ್ತೆ, ಇಳಿಯೋಕೆ ಕಾಲು ಇಡಬೇಕು. ನಾಲ್ಕೇ ದಿನಕ್ಕೆ ಒಂದು ಗಾಡಿ ಗೆರೆ ದಾಟಿ ನಿಲ್ಲುತ್ತೆ, ಆಮೇಲೆ ಸಾಲು ಪೂರ್ತಿ ಕೆಡುತ್ತೆ.

ಬಿಳಿ ಕಾರು

ಒಳ್ಳೇ ವಿಷಯ ತೆಗೆದಿದ್ದೀರಿ. ನಾನೂ ಎಲೆಕ್ಟ್ರಿಕ್ ಕಾರ್ ತಗೊಂಡಿದ್ದೇನೆ. ನಮ್ಮ ಕಮಿಟಿ ಫಾಸ್ಟ್ ಚಾರ್ಜರ್ ಹಾಕೋಕೆ ಬಿಡ್ತಿಲ್ಲ, ಟ್ರಾನ್ಸ್‌ಫಾರ್ಮರ್ ಬದಲಾಯಿಸಬೇಕು ಅಂತಾರೆ. ನೀವು ಹಾಕೋ ಪಾಯಿಂಟ್ ಕಾರಿಗೂ ಆಗೋ ತರ ಕೇಳಿದರೆ ಎಲ್ಲರಿಗೂ ಅನುಕೂಲ ಅಲ್ವಾ?

ವೈರಿಂಗ್ ಕೆಲಸದವನು

ಕಾರ್ ಅವರೇ, ನಿಮ್ಮದು ಬೇರೆ ಲೆಕ್ಕ. ಮನೆಯಲ್ಲಿ ಹಾಕೋ ಕಾರ್ ಚಾರ್ಜರ್‌ಗಳೇ ಮೂರು ಕಿಲೋವ್ಯಾಟ್, ಏಳು ಕಿಲೋವ್ಯಾಟ್ ಇರುತ್ತವೆ. ಏಳರಲ್ಲಿ ಒಂಬತ್ತು ಸ್ಕೂಟರ್ ಒಟ್ಟಿಗೆ ಚಾರ್ಜ್ ಆಗುತ್ತವೆ. ಇವರ ಮನವಿಗೆ ಕಾರನ್ನೂ ಸೇರಿಸಿದರೆ ಚಿಕ್ಕ ಕೆಲಸ ದೊಡ್ಡದಾಗಿ, ಎರಡೂ ಆಗಲ್ಲ. ನೀವು ಬೇರೆ ಎಳೆ ಶುರು ಮಾಡಿ, ಗೊತ್ತಿದ್ದದ್ದು ಹೇಳ್ತೀನಿ.

ಮೂರನೇ ಮಹಡಿಯವರೇ, ನಿಮ್ಮ ಕಾಮನ್ ಮೀಟರ್‌ಗೆ ಮಂಜೂರಾದ ಲೋಡ್ ಎಷ್ಟು? ಲಿಫ್ಟ್, ಪಂಪ್ ಎಷ್ಟು ಎಚ್‌ಪಿ? ಅದು ತಿಳಿಯದೇ ಮುಂದೆ ಹೋಗೋದು ಬೇಡ.

ಅಪ್ಪನ ಮನೆ

ನಾನು ಸ್ಕೂಟರ್ ಓಡಿಸಲ್ಲ, ಆದರೂ ಬರೀತಿದ್ದೀನಿ. ನಮ್ಮಪ್ಪ ವಾಕರ್ ಹಿಡಿದು ನಡೆಯುತ್ತಾರೆ. ನಮ್ಮ ಕಟ್ಟಡದ ರ‍್ಯಾಂಪಿನಲ್ಲಿ ಯಾವಾಗಲೂ ಎರಡು ಬೈಕ್ ಇರುತ್ತವೆ. ಅಪ್ಪ ರ‍್ಯಾಂಪ್ ಬಿಟ್ಟು ಮೂರು ಮೆಟ್ಟಿಲು ಇಳಿಯೋಕೆ ಹೋಗಿ ಬಿದ್ದರು. ಮೊಣಕೈ ಮೂಳೆ ಬಿರುಕು ಬಿಟ್ಟಿತು. ಆ ಬೈಕಿನವರು ಕೆಟ್ಟವರಲ್ಲ, ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋದರು. ನಿಲ್ಲಿಸೋಕೆ ಬೇರೆ ಜಾಗ ಇಲ್ಲ ಅಂತ ಅತ್ತೇಬಿಟ್ಟರು. ನಿಮ್ಮ ಭಾಷಣದಲ್ಲಿ ರ‍್ಯಾಂಪಿನ ಮಾತು ಮೊದಲು ಬರಲಿ ಸರ್. ಕಮಿಟಿಯಲ್ಲಿ ವಯಸ್ಸಾದವರು ಇರುತ್ತಾರೆ, ಸ್ಕೂಟರ್ ಇಲ್ಲದವರೂ ಇರುತ್ತಾರೆ.

ಮೂರನೇ ಮಹಡಿ

ಮೇಡಂ, ಅಪ್ಪ ಈಗ ಹೇಗಿದ್ದಾರೆ? ನಿಮ್ಮ ಮಾತು ಖಂಡಿತ ಸೇರಿಸುತ್ತೇನೆ. ನಮ್ಮ ರ‍್ಯಾಂಪಿನಲ್ಲೂ ಇದೇ ಕಥೆ.

ಎಣಿಸಿದೆ. ಮೂರು ರಾತ್ರಿ 38, 41, 40. ಮೀಟಿಂಗ್ ಒಂದು ವಾರ ಮುಂದಕ್ಕೆ ಹೋಗಿದ್ದು ಒಳ್ಳೆಯದೇ ಆಯಿತು, ಸೀಮೆಸುಣ್ಣದ ಗೆರೆಗೂ ಸಮಯ ಸಿಕ್ಕಿತು. ಏಳು ಗಾಡಿ ಅಲ್ಲಾಡಿಲ್ಲ. ಒಂದರ ಸೀಟಿನ ಕೆಳಗೆ ಇಲಿ ಗೂಡು ಕಟ್ಟಿತ್ತು. ಅಂದರೆ ದಿನಾ ಓಡೋ ಗಾಡಿ 34.

ಕಟ್ಟಡದ ಹಿಂದೆ ಶೀಟ್ ಹೊದಿಸಿದ ಜಾಗ ಇದೆ, 16 ಮೀಟರ್ ಉದ್ದ, 6 ಮೀಟರ್ ಅಗಲ. ಈಗ ಅಲ್ಲಿ ಹಳೇ ಬಾಗಿಲು, ಮುರಿದ ಸೈಕಲ್, ಬಣ್ಣದ ಡಬ್ಬಿ ತುಂಬಿದೆ. ಎರಡೂ ಗೋಡೆಗೆ ಎರಡೆರಡು ಮೀಟರ್ ಆಳದ ಸಾಲು, ನಡುವೆ ಎರಡು ಮೀಟರ್ ದಾರಿ. ಸಾಲಿಗೆ 16, ಕಂಬಕ್ಕೆ ಒಂದೊಂದು ಬಿಟ್ಟರೆ ಒಟ್ಟು 30. ಇನ್ನೂ ನಾಲ್ಕು ಬೇಕು. ಅತಿಥಿಗಳ ಕಾರಿಗೆ ಬಿಟ್ಟ ಎರಡು ಜಾಗದಲ್ಲಿ ಒಂದರ ಉದ್ದದ ಬದಿ ಓಡಾಡೋ ದಾರಿಗೆ ತೆರೆದಿದೆ. ಅಲ್ಲಿ ಐದು ನಿಲ್ಲುತ್ತವೆ.

ಮಂಜೂರಾದ ಲೋಡ್ 12 ಕಿಲೋವ್ಯಾಟ್, ಮೂರು ಫೇಸ್. ಲಿಫ್ಟ್ 5 ಎಚ್‌ಪಿ, ಪಂಪ್ 5 ಎಚ್‌ಪಿ. ದೀಪಗಳು ಎಲ್ಲ ಸೇರಿ ಒಂದೂವರೆ ಕಿಲೋವ್ಯಾಟ್ ಆಗಬಹುದು.

ವೈರಿಂಗ್ ಕೆಲಸದವನು

ತುಂಬ ಚೆನ್ನಾಗಿ ಮಾಡಿದ್ದೀರಿ. 5 ಎಚ್‌ಪಿ ಅಂದರೆ ಸುಮಾರು 3.7 ಕಿಲೋವ್ಯಾಟ್. ಲಿಫ್ಟ್, ಪಂಪ್, ದೀಪ ಮೂರೂ ಒಟ್ಟಿಗೆ ಓಡಿದರೆ ಹತ್ತಿರ ಹತ್ತಿರ ಒಂಬತ್ತು. ಉಳಿಯೋದು ಮೂರು, ಅಂದರೆ ನಾಲ್ಕು ಸ್ಕೂಟರ್. ಆರೂ ಒಟ್ಟಿಗೆ ಹಾಕಿದರೆ ನಾಲ್ಕೂವರೆ ಆಗಿ ಮೀರುತ್ತೆ. ಆದರೆ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಪಂಪ್ ಹಾಕಬೇಡಿ, ಚಾರ್ಜಿಂಗ್ ಲೈನಿಗೆ ಅದೇ ಹೊತ್ತಿನ ಟೈಮರ್ ಹಾಕಿ. ಆಗ ಆರೂ ಆರಾಮಾಗಿ ಹೊಂದುತ್ತವೆ. ಪಂಪ್ ತಾನಾಗೇ ಆನ್ ಆಗೋದಾ ಅಂತ ಮಾತ್ರ ನೋಡಿಕೊಳ್ಳಿ.

ಕೂಡೋ ಲೆಕ್ಕಕ್ಕಿಂತ ಗಟ್ಟಿ ಸಾಕ್ಷಿ ಮೀಟರ್‌ನಲ್ಲೇ ಇರುತ್ತೆ. ಬಟನ್ ಒತ್ತುತ್ತಾ ಹೋದರೆ ಪರದೆ ಮೇಲೆ MD ಅಂತ ಒಂದು ಅಂಕಿ kW ಲೆಕ್ಕದಲ್ಲಿ ಬರುತ್ತೆ. ಆ ತಿಂಗಳು ಒಮ್ಮೆಗೆ ಅತಿ ಜಾಸ್ತಿ ಎಳೆದದ್ದು ಅದು. ಅದರ ಫೋಟೋ ತಗೊಂಡು ಹೋಗಿ.

ಬೋರ್ಡಿಗೆ ಆರು ಸಾಕೆಟ್, ಒಂದೊಂದು ಫೇಸ್‌ಗೆ ಎರಡು. ಪ್ರತಿ ಸಾಕೆಟ್‌ಗೂ ಬೇರೆ ಎಂಸಿಬಿ. ಕರೆಂಟ್ ಸೋರಿದರೆ ತಕ್ಷಣ ಲೈನ್ ಕಟ್ ಮಾಡೋ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಆರಕ್ಕೂ ಒಂದೇ ಹಾಕಿ ಉಳಿತಾಯ ಮಾಡಬೇಡಿ. ಪ್ರತಿ ಚಾರ್ಜರ್‌ನಿಂದ ಒಂದು ಚೂರು ಸೋರಿಕೆ ಇದ್ದೇ ಇರುತ್ತೆ. ಆರರದ್ದು ಸೇರಿದಾಗ ತಪ್ಪಿಲ್ಲದೇ ಟ್ರಿಪ್ ಆಗಬಹುದು. ನಡುರಾತ್ರಿ ಟ್ರಿಪ್ ಆಗಿ ಬೆಳಿಗ್ಗೆ ಆರು ಗಾಡಿಯೂ ಖಾಲಿ ಇದ್ದರೆ ಯಾರೋ ಒಬ್ಬರು ಆರ್‌ಸಿಸಿಬಿಯನ್ನೇ ಕಿತ್ತು ನೇರ ಜೋಡಿಸುತ್ತಾರೆ. ಹಾಗೆ ಕಿತ್ತು ಹಾಕಿದ್ದನ್ನು ನಾನು ಎರಡು ಕಡೆ ನೋಡಿದ್ದೇನೆ. ಅದಕ್ಕೇ ಸಾಕೆಟ್‌ಗೊಂದು ಇರಲಿ. ಅರ್ಥಿಂಗ್ ಅಳೆಸಿ, ಅದಿಲ್ಲದೇ ಬೋರ್ಡ್ ಹಾಕಿಸಬೇಡಿ.

ನೆಲಮಹಡಿ

ನಾನು ಕಮಿಟಿ ಸದಸ್ಯ, ಬೇರೆ ಕಟ್ಟಡದಲ್ಲಿ. ನೇರವಾಗಿ ಹೇಳ್ತೀನಿ, ನಾನಾದರೆ ಒಪ್ಪಲ್ಲ. ಬ್ಯಾಟರಿ ಹೊತ್ತಿಕೊಂಡ ವಿಡಿಯೋ ನೋಡಿದ್ದೀವಿ. ನನ್ನ ಮಗಳ ಕೋಣೆ ಪಾರ್ಕಿಂಗ್ ಮೇಲೇ ಇದೆ. ಬ್ಯಾಟರಿ ಬಿಚ್ಚಿ ಮನೆಗೆ ತಗೊಂಡು ಹೋಗಿ ಚಾರ್ಜ್ ಮಾಡಿಕೊಳ್ಳಲಿ.

ವೈರಿಂಗ್ ಕೆಲಸದವನು

ಸರ್, ನಿಮ್ಮ ಭಯ ಸುಳ್ಳಲ್ಲ. ಲಿಥಿಯಂ ಬ್ಯಾಟರಿ ಒಳಗಿಂದ ಹೊತ್ತಿಕೊಂಡರೆ ಪೌಡರ್ ಸಿಲಿಂಡರ್‌ನಿಂದ ಆರಲ್ಲ, ಆರಿದ ಹಾಗೆ ಕಂಡು ಮತ್ತೆ ಹತ್ತುತ್ತೆ. ತಣ್ಣಗಾಗೋವರೆಗೆ ನೀರು ಬೇಕು, ಅದು ಅಗ್ನಿಶಾಮಕದವರ ಕೆಲಸ. ಆದರೆ ಎಷ್ಟೋ ಗಾಡಿಗಳಲ್ಲಿ ಬ್ಯಾಟರಿ ಬಿಚ್ಚೋಕೇ ಬರಲ್ಲ. ಬಿಚ್ಚಿದರೂ ಮನೆಯಲ್ಲಿ ಸಾಮಾನ್ಯವಾಗಿ ಇಡೋದು ಬಾಗಿಲ ಪಕ್ಕ. ಅಲ್ಲಿ ಏನಾದರೂ ಆದರೆ ಹೊರಗೆ ಬರೋ ದಾರಿಯೇ ಮುಚ್ಚಿತು. ಕೇಳಬೇಕಾದ್ದು ಎಲ್ಲಿ ಅನ್ನೋದು. ಗಾಳಿ ಆಡೋ ಜಾಗ, ಮೆಟ್ಟಿಲಿನಿಂದ, ಗ್ಯಾಸ್ ಸಿಲಿಂಡರ್‌ನಿಂದ, ಜನರೇಟರ್‌ನಿಂದ ದೂರ. ಪೂರ್ತಿ ಲೈನ್ ಕಟ್ ಮಾಡೋ ಸ್ವಿಚ್ಚು ಚಾರ್ಜಿಂಗ್ ಬೋರ್ಡಿನ ಹತ್ತಿರ ಬೇಡ, ಗೇಟಿನ ಕಡೆ ಇರಲಿ. ಬಿದ್ದು ಪೆಟ್ಟಾದ, ನೀರಲ್ಲಿ ಮುಳುಗಿದ, ಉಬ್ಬಿದ ಬ್ಯಾಟರಿಯನ್ನು ತೋರಿಸದೇ ಅಲ್ಲಿ ಹಾಕೋ ಹಾಗಿಲ್ಲ.

ನೆಲಮಹಡಿ

ಹಿಂದಿನ ಶೀಟ್ ಜಾಗ ಆದರೆ ಯೋಚನೆ ಮಾಡಬಹುದು. ಕಟ್ಟಡದ ಕೆಳಗೆ ಮಾತ್ರ ನಾನು ಈಗಲೂ ಒಪ್ಪಲ್ಲ.

ನೀಲಿ ಸ್ಕೂಟರ್

ಎಕ್ಸ್‌ಟೆನ್ಶನ್ ಮಾತು ವಾಪಸ್ ತಗೋತೀನಿ. ನನ್ನ ಮನೆ ಪ್ಲಗ್ ಕಿತ್ತು ಮುಟ್ಟಿ ನೋಡಿದೆ, ಬೆರಳು ಇಡೋಕಾಗಲಿಲ್ಲ. ನಾಳೆ ಬದಲಾಯಿಸುತ್ತೇನೆ.

ದುಡ್ಡಿನ ವಿಷಯ ಸುಲಭ ಮಾಡಿ. ದಿನಕ್ಕೆ 25 ಕಿಲೋಮೀಟರ್ ಓಡಿದರೆ ಗೋಡೆಯಿಂದ ಎಳೆಯೋದು ಒಂದು ಯೂನಿಟ್ ಆಸುಪಾಸು. ಆರು ಜನಕ್ಕೂ ಸಮ ಪಾಲು ಹಾಕಿಬಿಡಿ.

ಹಳೇ ಖಜಾಂಚಿ

ಸಮ ಪಾಲು ಮೂರು ತಿಂಗಳು ನಡೆಯುತ್ತೆ. ದಿನಾ ಎಂಬತ್ತು ಕಿಲೋಮೀಟರ್ ಓಡೋರು ಒಬ್ಬರು ಇದ್ದೇ ಇರುತ್ತಾರೆ. ಸಾಕೆಟ್‌ಗೊಂದು ಸಬ್ ಮೀಟರ್, ಬೀಗ ಇರೋ ಮುಚ್ಚಳ, ಒಂದು ಮನೆಗೆ ಒಂದು ಬೀಗದ ಕೈ. ತಿಂಗಳ ಒಂದನೇ ತಾರೀಖು ಆರು ಮೀಟರ್‌ನ ಫೋಟೋ ಗುಂಪಿಗೆ ಹಾಕಿ. ಏಳನೇ ಸ್ಕೂಟರ್ ಬಂದಾಗ ಏನು ಮಾಡ್ತೀರಿ ಅನ್ನೋದು ಮಾತ್ರ ಈಗಲೇ ಯೋಚಿಸಿ. ನಮ್ಮಲ್ಲಿ ಇಬ್ಬರು ಒಂದು ಸಾಕೆಟ್ ಹಂಚಿಕೊಂಡರು, ಪುಸ್ತಕದಲ್ಲಿ ರೀಡಿಂಗ್ ಬರೆಯೋದು ಮರೆತು ಮನಸ್ತಾಪ ಆಯಿತು. ಅದಕ್ಕೆ ಒಳ್ಳೇ ದಾರಿ ನನಗಿನ್ನೂ ಸಿಕ್ಕಿಲ್ಲ.

ಮೂರನೇ ಮಹಡಿ

ಎಲ್ಲರ ಮಾತು ಸೇರಿಸಿ ಹೊಸದಾಗಿ ಬರೆದೆ. ಓದಿದರೆ ನಾಲ್ಕು ನಿಮಿಷ ಆಗುತ್ತೆ.

"ಎಲ್ಲರಿಗೂ ನಮಸ್ಕಾರ. ನಮ್ಮ ರ‍್ಯಾಂಪಿನಲ್ಲಿ ನಿನ್ನೆ ರಾತ್ರಿ ಮೂರು ಗಾಡಿ ಇದ್ದವು. ಅದರಲ್ಲಿ ಒಂದು ನನ್ನದು. ಒಂದನೇ ಮಹಡಿಯ ಅಜ್ಜಿಯನ್ನು ವೀಲ್‌ಚೇರಿನಲ್ಲಿ ಇಳಿಸಬೇಕಾದರೆ ಮೊದಲು ನಮ್ಮನ್ನು ಕೆಳಗೆ ಕರೆಯಬೇಕು. ಇದು ತಪ್ಪು. ನಿಲ್ಲಿಸೋಕೆ ಬೇರೆ ಜಾಗ ಇಲ್ಲದೇ ಈ ತಪ್ಪು ದಿನಾ ಮಾಡುತ್ತಿದ್ದೇವೆ.

ರಾತ್ರಿ ಹೊತ್ತು 41 ಗಾಡಿ ನಿಲ್ಲುತ್ತವೆ. ಏಳು ಗಾಡಿ ವಾರದಿಂದ ಅಲ್ಲಾಡಿಲ್ಲ. ಅವುಗಳ ಮಾಲೀಕರಿಗೆ ಒಂದು ತಿಂಗಳ ನೋಟಿಸ್ ಕೊಡಿ ಎಂದು ಕೇಳುತ್ತೇನೆ. ಉಳಿದ 34ಕ್ಕೆ ಹಿಂದಿನ ಶೀಟ್ ಜಾಗದಲ್ಲಿ 30, ಅತಿಥಿಗಳ ಒಂದು ಕಾರಿನ ಜಾಗದಲ್ಲಿ ಐದು ಹಿಡಿಯುತ್ತವೆ. ಅಳತೆ ಹಾಕಿದ ಹಾಳೆ ನಿಮ್ಮ ಕೈಯಲ್ಲಿದೆ. ಶೀಟ್ ಜಾಗ ಖಾಲಿ ಮಾಡೋಕೆ ನಾವು ಹದಿನಾಲ್ಕು ಜನ ಬರುತ್ತೇವೆ, ಹೆಸರು ಹಾಳೆಯ ಹಿಂದೆ ಇದೆ.

ಎರಡನೆಯದು, ಅದೇ ಜಾಗದ ಒಂದು ಗೋಡೆಗೆ ಆರು ಸಾಕೆಟ್. ಮೇಲೆ ಮನೆ ಇಲ್ಲ, ಗಾಳಿ ಆಡುತ್ತೆ. ರಾತ್ರಿ ಹನ್ನೊಂದರಿಂದ ಐದರವರೆಗೆ ಮಾತ್ರ ಕರೆಂಟ್ ಇರುತ್ತೆ, ಆ ಹೊತ್ತಲ್ಲಿ ಪಂಪ್ ಓಡಲ್ಲ. ನಮಗೆ ಮಂಜೂರಾದ 12 ಕಿಲೋವ್ಯಾಟ್ ಒಳಗೇ ಇರುತ್ತೇವೆ, ಮೀಟರ್‌ನ ಫೋಟೋ ತಂದಿದ್ದೇನೆ. ಬೋರ್ಡಿನ ಖರ್ಚು ನಾವು ಆರು ಮನೆಯವರು ಹಾಕುತ್ತೇವೆ. ಯೂನಿಟ್ ದುಡ್ಡು ಸಬ್ ಮೀಟರ್ ಪ್ರಕಾರ ಕೊಡುತ್ತೇವೆ. ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಕ್ ಗುತ್ತಿಗೆದಾರರಿಂದಲೇ ಆಗಲಿ, ಅವರ ಟೆಸ್ಟ್ ರಿಪೋರ್ಟ್ ನಿಮಗೆ ಕೊಟ್ಟ ಮೇಲೆ ಶುರು ಮಾಡುತ್ತೇವೆ.

ಮೂರು ತಿಂಗಳು ನಡೆಸಿ ನೋಡಿ. ಸರಿ ಬರಲಿಲ್ಲ ಅಂದರೆ ಬಿಚ್ಚಿಸಿ, ಬಿಚ್ಚೋ ಖರ್ಚೂ ನಮ್ಮದೇ. ಒಪ್ಪಿದ ದಿನದಿಂದ ಬಾಲ್ಕನಿ ವೈರ್ ಒಂದೂ ಇರಲ್ಲ, ರ‍್ಯಾಂಪಿನಲ್ಲಿ ಗಾಡಿ ಒಂದೂ ಇರಲ್ಲ."

ಅಪ್ಪನ ಮನೆ

ಅಪ್ಪ ಚೆನ್ನಾಗಿದ್ದಾರೆ ಸರ್. ಭಾಷಣ ಅವರಿಗೆ ಓದಿ ಹೇಳಿದೆ. ರ‍್ಯಾಂಪಿನ ಎರಡೂ ಬದಿ ಹಳದಿ ಪಟ್ಟೆ ಬಳಿಸೋಕೆ ಹೇಳು ಅಂದರು.

ಮೂರನೇ ಮಹಡಿ

ಮೀಟಿಂಗ್ ಮುಗೀತು. ಪಾರ್ಕಿಂಗ್ ಗೆರೆಗೆ, ರ‍್ಯಾಂಪಿನ ಹಳದಿ ಪಟ್ಟೆಗೆ ಒಪ್ಪಿದರು. ಶೀಟ್ ಜಾಗ ಮುಂದಿನ ಶನಿವಾರ ಖಾಲಿ ಮಾಡುತ್ತೇವೆ. ಅತಿಥಿಗಳ ಜಾಗ ಕೊಡೋಕೆ ಇಬ್ಬರು ಖಡಾಖಂಡಿತ ಬೇಡ ಅಂದರು, ಹಾಗಾಗಿ ನಾಲ್ಕು ಗಾಡಿ ಎಲ್ಲಿ ಅನ್ನೋದು ಹಾಗೇ ಉಳಿದಿದೆ.

ಚಾರ್ಜಿಂಗ್‌ಗೆ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಕಾರ್ಯದರ್ಶಿಗಳು ಮೀಟರ್ ಫೋಟೋ ತುಂಬ ಹೊತ್ತು ನೋಡಿ ಒಂದು ಪ್ರಶ್ನೆ ಕೇಳಿದರು: ಬೇಸಿಗೆಯಲ್ಲಿ ನೀರು ಸಾಲದೇ ರಾತ್ರಿಯೂ ಪಂಪ್ ಹಾಕಬೇಕಾಗಿ ಬಂದರೆ? ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಗುತ್ತಿಗೆದಾರರಿಂದ ಬರೆಸಿಕೊಂಡು ಬನ್ನಿ ಅಂದಿದ್ದಾರೆ. ವೈರಿಂಗ್ ಅಣ್ಣ, ಪಂಪ್ ಓಡೋವಾಗ ಚಾರ್ಜಿಂಗ್ ಲೈನ್ ತಾನಾಗೇ ನಿಲ್ಲೋ ತರ ಮಾಡೋಕೆ ಬರುತ್ತಾ?

ವೈರಿಂಗ್ ಕೆಲಸದವನು

ಬರುತ್ತೆ. ಪಂಪ್ ಸ್ಟಾರ್ಟರ್‌ನಿಂದ ಒಂದು ವೈರ್ ಎಳೆದು ಚಾರ್ಜಿಂಗ್ ಲೈನಿಗೆ ಕಾಂಟ್ಯಾಕ್ಟರ್ ಕೂರಿಸಬೇಕು. ಪಂಪ್ ಆನ್ ಆದರೆ ಅದು ಲೈನ್ ಕಟ್ ಮಾಡುತ್ತೆ, ಪಂಪ್ ನಿಂತರೆ ಮತ್ತೆ ಜೋಡಿಸುತ್ತೆ. ಆದರೆ ಕರೆಂಟ್ ಹೋಗಿ ಬಂದಾಗ ಕೆಲವು ಗಾಡಿಗಳು ತಾವಾಗೇ ಚಾರ್ಜಿಂಗ್ ಶುರು ಮಾಡಲ್ಲ, ಪ್ಲಗ್ ಕಿತ್ತು ಮತ್ತೆ ಹಾಕಬೇಕು. ನಿಮ್ಮ ಆರು ಗಾಡಿಯಲ್ಲಿ ಯಾವುದು ಹಾಗೆ ಅಂತ ಇವತ್ತು ರಾತ್ರಿ ಒಂದೊಂದಾಗಿ ಸ್ವಿಚ್ ಆಫ್ ಆನ್ ಮಾಡಿ ನೋಡಿ, ಇಲ್ಲಿ ಬರೆಯಿರಿ.